ಅಸಲು ಬರಲಿ ಅಂತ ಕಾಯುತ್ತಿರುವ ಷೇರನ್ನು ಮಾರುವುದು ಹೇಗೆ?

2018ರ ಆಗಸ್ಟ್‌ನಲ್ಲಿ ಯೆಸ್ ಬ್ಯಾಂಕ್ ಷೇರು 400 ರೂಪಾಯಿ ಮುಟ್ಟಿತ್ತು. ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅದರ ಮುಖ್ಯಸ್ಥ ರಾಣಾ ಕಪೂರ್ ಅವರ ಅವಧಿಯನ್ನು ಮೊಟಕುಗೊಳಿಸಿದ್ದೇ ತಡ, ಷೇರು 225ರ ಆಸುಪಾಸಿಗೆ ಕುಸಿಯಿತು. 350ಕ್ಕೆ 100 ಷೇರು ಕೊಂಡವರು ಏನನ್ನುತ್ತಾರೆ? ‘350 ಬರಲಿ, ಮಾರಿಬಿಡ್ತೀನಿ’. ಆದರೆ ನೀವು ಎಷ್ಟಕ್ಕೆ ಕೊಂಡಿರಿ ಅನ್ನುವುದು ಪೇಟೆಗೆ ಗೊತ್ತೂ ಇಲ್ಲ, ಬೇಕೂ ಇಲ್ಲ.

ಮೊದಲು ಒಂದು ಚೀಟಿಯಲ್ಲಿ ಕೊಂಡ ಬೆಲೆ ಬಿಟ್ಟು ಇವತ್ತಿನ ಮೌಲ್ಯವನ್ನಷ್ಟೇ ಬರೆಯಿರಿ: 22,500 ರೂಪಾಯಿ. ಇಷ್ಟೇ ನಗದು ಕೈಯಲ್ಲಿದ್ದರೆ ಇವತ್ತು ಇದೇ ಷೇರು ಕೊಳ್ಳುತ್ತಿದ್ದಿರಾ? ಇಲ್ಲ ಅಂತಾದರೆ ಇಟ್ಟುಕೊಳ್ಳುವುದಕ್ಕೂ ಕಾರಣವಿಲ್ಲ. ಇಡೀ ಪೇಟೆಯೇ ಬಿದ್ದು, ಕಂಪನಿ ಗಟ್ಟಿಯಾಗಿದ್ದರೆ ಉತ್ತರ ‘ಹೌದು’ ಅಂತ ಬರಬಹುದು. ಬೆಲೆ ಇಳಿದದ್ದೇ ಮಾರಲು ಕಾರಣವಲ್ಲ.

ಎರಡನೆಯದು, ‘ಆ್ಯವರೇಜ್’ ಮಾಡುವ ಚಪಲ. 225ಕ್ಕೆ ಇನ್ನೂ 100 ಕೊಂಡರೆ ಸರಾಸರಿ ಬೆಲೆ 287.50 ಆಗುತ್ತದೆ. ಮೊಬೈಲಿನಲ್ಲಿ ಶೇ 36ರಷ್ಟಿದ್ದ ನಷ್ಟ ಶೇ 22ಕ್ಕೆ ಇಳಿದಂತೆ ಕಾಣುತ್ತದೆ, ಮನಸ್ಸಿಗೂ ಹಾಯೆನಿಸುತ್ತದೆ. ಹೋದ ಹಣ ಮಾತ್ರ ಅದೇ 12,500. ಬದಲಾದದ್ದೆಂದರೆ, ಒಂದೇ ಬ್ಯಾಂಕಿನ ಮೇಲೆ ಇನ್ನೊಂದು 22,500 ಸುರಿದಿದ್ದೀರಿ. 2020ರ ಮಾರ್ಚ್‌ನಲ್ಲಿ ಆ ಬ್ಯಾಂಕಿನ ಪುನಶ್ಚೇತನ ಯೋಜನೆ ಬಂದಾಗ, 200 ಷೇರು ಇಟ್ಟುಕೊಂಡಿದ್ದವರ 150 ಷೇರುಗಳಿಗೆ ಮೂರು ವರ್ಷ ಬೀಗ ಬಿತ್ತು. ಆಗ ಮಾರುತ್ತೇನೆಂದರೂ ಆಗದು.

ಇದು ಬರೀ ನಮ್ಮವರ ಚಾಳಿಯಲ್ಲ. ಅಮೆರಿಕದ ಟೆರನ್ಸ್ ಓಡಿನ್ ಅಲ್ಲಿನ ಬ್ರೋಕರೇಜ್ ಸಂಸ್ಥೆಯೊಂದರ 10,000 ಖಾತೆಗಳನ್ನು ಜಾಲಾಡಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಜನ ಲಾಭದ ಷೇರನ್ನು ಬೇಗ ಮಾರಿ, ನಷ್ಟದ್ದನ್ನು ಹಿಡಿದುಕೊಂಡಿದ್ದರು. ನಾವು ಪ್ರತಿ ಷೇರಿಗೂ ಮನಸ್ಸಿನಲ್ಲಿ ಬೇರೆ ಬೇರೆ ಖಾತೆ ತೆರೆದಿರುತ್ತೇವೆ. ನಷ್ಟದಲ್ಲಿ ಖಾತೆ ಮುಚ್ಚಿದರೆ ಸೋತೆವು ಅನ್ನಿಸುತ್ತದೆ, ಮುಚ್ಚದಿದ್ದರೆ ‘ಇನ್ನೂ ಏನೂ ಹೋಗಿಲ್ಲ’.

ಆದಾಯ ತೆರಿಗೆ ಇಲಾಖೆ ಹೀಗೆ ಬಿಡಿಬಿಡಿಯಾಗಿ ನೋಡುವುದಿಲ್ಲ. ಆದ್ದರಿಂದ ಮೂರನೇ ಹೆಜ್ಜೆ, ಎಲ್ಲ ಷೇರುಗಳನ್ನೂ ಒಂದೇ ಹಾಳೆಗೆ ತರುವುದು. ಕೊಂಡು ವರ್ಷವಾಗಿಲ್ಲದ ಆ 100 ಷೇರು ಮಾರಿದರೆ 12,500 ಅಲ್ಪಾವಧಿ ನಷ್ಟ. ಅದೇ ಆರ್ಥಿಕ ವರ್ಷದಲ್ಲಿ ಇನ್ನೊಂದು ಷೇರಿನಲ್ಲಿ ಅಷ್ಟೇ ಅಲ್ಪಾವಧಿ ಲಾಭವಿದ್ದರೆ ಎರಡೂ ವಜಾ ಆಗುತ್ತವೆ. 2024ರ ಜುಲೈನಿಂದ ಜಾರಿಯಲ್ಲಿರುವ ಶೇ 20ರ ದರದಲ್ಲಿ ಲೆಕ್ಕ ಹಾಕಿದರೆ 2,500 ರೂಪಾಯಿ ತೆರಿಗೆ ಉಳಿಯುತ್ತದೆ. ವರ್ಷ ದಾಟಿದ ಷೇರಿನ ನಷ್ಟವಾದರೆ ದೀರ್ಘಾವಧಿ ಲಾಭಕ್ಕೆ ಮಾತ್ರ ವಜಾ.

ಮಾರಿದ ದಿನವೇ ಅದೇ ಷೇರು ಮರಳಿ ಕೊಂಡರೆ ಅದು ಇಂಟ್ರಾಡೇ ಲೆಕ್ಕಕ್ಕೆ ಹೋಗುತ್ತದೆ, ಹಳೆಯ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಈ ವರ್ಷ ವಜಾ ಆಗದೆ ಉಳಿದ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಅದಕ್ಕೆ ರಿಟರ್ನ್ಸ್ ಕೊನೆಯ ದಿನಾಂಕದೊಳಗೆ ಸಲ್ಲಿಕೆಯಾಗಿರಬೇಕು.