ನುಡಿ ಫೈಲ್‌ನ ಯೂನಿಕೋಡ್‌ಗೆ ತಂದಿದ್ದು, ತ್ರಿಪದಿ ಒಡೀದ ಹಾಗೆ

ಹಳೇ ವರ್ಡ್ ಫೈಲ್ ಒಂದಿತ್ತು, ಜಾನಪದ ತ್ರಿಪದಿಗಳ ಸಂಗ್ರಹ, ಪೂರ್ತಿ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು. ಟೈಪ್ ಮಾಡಿದವ್ರು ಪದ್ಯದೊಳಗಿನ ಸಾಲಿಗೆ ಶಿಫ್ಟ್ ಎಂಟರ್ ಒತ್ತಿದ್ದಾರೆ, ಪದ್ಯ ಮುಗಿದಾಗ ಬರೀ ಎಂಟರ್, ನಡುವಿನ ಜಾಗ ಪ್ಯಾರಾ ಸ್ಪೇಸಿಂಗಿಂದ ಬಂದಿದೆ. ಇದನ್ನ ಹಾಗೇ ಕಾಪಿ ಮಾಡಿ ಕನ್ವರ್ಟರ್‌ಗೆ ಹಾಕಿದ್ರೆ ಎರಡೂ ಒಂದೇ ಥರದ ಸಾಲಾಗಿಬಿಡತ್ತೆ, ಯಾವ ಪದ್ಯ ಎಲ್ಲಿ ಮುಗೀತು ಅಂತ ಆಮೇಲೆ ಗೊತ್ತೇ ಆಗಲ್ಲ.

ಅದಕ್ಕೆ ಮೊದಲು ವರ್ಡಲ್ಲೇ ಫೈಂಡ್ ರಿಪ್ಲೇಸ್ ಮಾಡಿದೆ, ಅಲ್ಲಿ `^p` ಅಂದ್ರೆ ಎಂಟರ್, `^l` ಅಂದ್ರೆ ಶಿಫ್ಟ್ ಎಂಟರ್: `^p` ಇದ್ದಲ್ಲಿ `^p^p`, ಅದಾದ ಮೇಲೆ `^l` ಇದ್ದಲ್ಲಿ `^p`. ಈ ಕ್ರಮ ತಪ್ಪಬಾರದು, ಉಲ್ಟಾ ಮಾಡಿದ್ರೆ ಎಲ್ಲಾ ಸಾಲಿಗೂ ಖಾಲಿ ಸಾಲು ಬಂದು ಕೂರತ್ತೆ. ಈಗ ಪದ್ಯಗಳ ನಡುವೆ ನಿಜವಾದ ಖಾಲಿ ಸಾಲು ಇರತ್ತೆ. ಯುಟಿಎಫ್-8 ಪ್ಲೇನ್ ಟೆಕ್ಸ್ಟ್ ಆಗಿ ಸೇವ್ ಮಾಡಿದೆ, ಅಲ್ಲಿ ಲೈನ್ ಬ್ರೇಕ್ ಸೇರಿಸೋ ಟಿಕ್ ಹಾಕಬೇಡಿ.

ಆಮೇಲೆ ಪೈಥಾನಲ್ಲಿ ಒಂದೊಂದೇ ಸಾಲು ಓದಿ, ಬದಲಿಸಿ, ಬರೆಯೋದು. ಯಾವ ನುಡಿ ಕೋಡಿಗೆ ಯಾವ ಯೂನಿಕೋಡ್ ಅಕ್ಷರ ಅನ್ನೋ ಟೇಬಲಲ್ಲಿ ಉದ್ದದ ಕೋಡ್ ಮೊದಲು ಬರಬೇಕು, ಯಾಕಂದ್ರೆ ನುಡಿಯಲ್ಲಿ `A` ಅಂದ್ರೆ ಸೊನ್ನೆ, `AiÀÄ` ಅಂದ್ರೆ ಯ. ಚಿಕ್ಕದನ್ನ ಮೊದಲು ಬದಲಿಸಿದ್ರೆ ಯ ಇರೋ ಕಡೆಯೆಲ್ಲಾ `ಂiÀÄ` ಅಂತ ಬರತ್ತೆ, ಎಷ್ಟೋ ಕಡೆ ಇದನ್ನ ನೀವೂ ನೋಡಿರ್ತೀರ.

ಜಾಸ್ತಿ ಗಮನ ಬೇಕಾಗಿದ್ದು ಅರ್ಕಾವತ್ತಿಗೆ. ಕರ್ನಾಟಕ ಅನ್ನೋದು ನುಡಿಯಲ್ಲಿ `PÀ£ÁðlPÀ`, ಅಂದ್ರೆ ಕಣ್ಣಿಗೆ ಕಾಣೋ ಹಾಗೆ ಅರ್ಕಾವತ್ತು `ð` ನಾ ಆದ್ಮೇಲೆ ಇದೆ, ಯೂನಿಕೋಡಲ್ಲಿ ರ್ ಮುಂಚೆ ಬರಬೇಕು. ನೇರ ಬದಲಿಸಿದ್ರೆ "ಕನಾರ್ಟಕ" ಆಗತ್ತೆ, ಅದರಲ್ಲಿ ಇರೋದೆಲ್ಲಾ ಕನ್ನಡ ಅಕ್ಷರಾನೇ ಆದ್ದರಿಂದ ಹುಡುಕಿದ್ರೂ ಸಿಗಲ್ಲ. ನಾನು `ð` ನ ಟೇಬಲಿಗೇ ಹಾಕಲಿಲ್ಲ, ಉಳಿದ ಅಕ್ಷರ, ಒತ್ತು ಎಲ್ಲಾ ಜಾಗಕ್ಕೆ ಬಂದ ಮೇಲೆ ಕೊನೇಗೆ ಇದೊಂದು ಸಾಲು:

```
s = re.sub('([ಕ-ಹ](?:್[ಕ-ಹ])*[ಾ-ೌ]*)ð', r'ರ್\1', s)
```

ಮರ್ತ್ಯ ಥರ ಒತ್ತಿನ ಮೇಲೆ ಅರ್ಕಾವತ್ತು ಇದ್ರೂ ಇದು ಇಡೀ ಗುಂಪಿನ ಹಿಂದಕ್ಕೆ ರ್ ತರತ್ತೆ. ಎಲ್ಲಾದ್ರೂ ಆಗದೇ ಹೋದ್ರೆ `ð` ಹಾಗೇ ಉಳಿದು ಈ ಹುಡುಕಾಟಕ್ಕೆ ಸಿಕ್ಕಿಬೀಳತ್ತೆ:

```
wc -l nudi.txt uni.txt
grep -nP '[A-Za-z¡-ÿ]' uni.txt
```

ಎರಡೂ ಫೈಲ್‌ನ ಸಾಲಿನ ಲೆಕ್ಕ ಒಂದೇ ಇರಬೇಕು. ಒಂದೇ ಇದ್ದಾಗ `grep` ಕೊಡೋ ಸಾಲಿನ ನಂಬರ್ ಹಿಡಿದು ಹಳೇ ಫೈಲ್‌ನ ಅದೇ ಸಾಲಿಗೆ ಹೋದ್ರೆ ಅಲ್ಲೇ ಆ ಪದ ಸಿಗತ್ತೆ, ಟೇಬಲಲ್ಲಿ ಯಾವ ಕೋಡ್ ಬಿಟ್ಟುಹೋಗಿದೆ ಅಂತ ತಕ್ಷಣ ಗೊತ್ತಾಗತ್ತೆ.

ಒಂದನ್ನ ಮಾತ್ರ ಈ ದಾರಿ ಕಾಪಾಡಲ್ಲ. ಮಧ್ಯ ಇಂಗ್ಲಿಷ್ ಪದ ಇದ್ರೆ ಅದೂ ಕನ್ನಡ ಆಗಿಬಿಡತ್ತೆ, `C` ಹೋಗಿ ಅ ಆಗತ್ತೆ, ಯಾಕಂದ್ರೆ ಪ್ಲೇನ್ ಟೆಕ್ಸ್ಟಲ್ಲಿ ಫಾಂಟ್ ಯಾವುದು ಅನ್ನೋ ಗುರುತೇ ಇರಲ್ಲ. ಈ ಸಂಗ್ರಹದಲ್ಲಿ ಇಂಗ್ಲಿಷ್ ಮುನ್ನುಡಿಯಲ್ಲಿ ಮಾತ್ರ ಇತ್ತು, ಅದನ್ನ ಮೊದಲೇ ತೆಗೆದು ಬೇರೆ ಇಟ್ಟಿದ್ದೆ.

ವರ್ಡಿಗೆ ವಾಪಸ್ ಹಾಕುವಾಗ `^p^p` ಗೆ `@@`, ಉಳಿದ `^p` ಗೆ `^l`, ಕೊನೇಗೆ `@@` ಗೆ `^p`.