ಥೈರಾಯ್ಡ್ ಮರುತಪಾಸಣೆಯ ದಿನ ಇಮೇಲ್‌ನಲ್ಲಿ ಬದಲಾಯಿಸಿದ್ದು: ನನ್ನ ಅನುಭವ

ಕಾಸರಗೋಡಿನಿಂದ ಮಂಗಳೂರಿನ ಕ್ಲಿನಿಕ್ಕಿಗೆ ಮರುತಪಾಸಣೆಗೆ ಹೋಗುವವರು "ಆ ದಿನ ಬರಲಾಗುವುದಿಲ್ಲ, ಬೇರೆ ದಿನ ಕೊಡಿ" ಎಂದಷ್ಟೇ ಬರೆದರೆ ಕೌಂಟರಿನವರು ಇದ್ದ ಸಮಯವನ್ನು ರದ್ದು ಮಾಡಿ ಸುಮ್ಮನಾಗಬಹುದು. ಹೊಸದು ಖಚಿತವಾಗುವವರೆಗೆ ಹಳೆಯದು ಇರಲಿ ಎಂದು ಬರೆಯಲೇಬೇಕು.

ಹೊಸ ದಿನವನ್ನು "ಆದಷ್ಟು ಬೇಗ ಕೊಡಿ" ಎಂದು ಕೇಳುವುದಕ್ಕೂ ಒಂದು ಮಿತಿ ಬೇಕು. ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಾದ ಮೇಲೆ ರಕ್ತದಲ್ಲಿನ ಟಿಎಸ್‌ಎಚ್ ಹಾರ್ಮೋನ್ ಒಂದು ಮಟ್ಟಕ್ಕೆ ನಿಲ್ಲಲು ಸುಮಾರು 6 ವಾರ ಬೇಕು. ಅದಕ್ಕೂ ಮೊದಲಿನ ದಿನ ಸಿಕ್ಕಿದರೆ ರಕ್ತಪರೀಕ್ಷೆ ದಾರಿ ತಪ್ಪಿಸಬಹುದು. ಪ್ರಮಾಣ ಬದಲಾದದ್ದು ಜೂನ್ 2ಕ್ಕಾದರೆ 6 ವಾರ ತುಂಬುವುದು ಜುಲೈ 14ಕ್ಕೆ. ಮಾತ್ರೆ ಮುಗಿಯುವ ದಿನ ಇನ್ನೊಂದು ಗಡಿ. ಅವಸರ ಏಕೆಂದು ಕೌಂಟರಿನವರಿಗೆ ತಿಳಿಯುವುದು ಇದರಿಂದಲೇ, "ತುರ್ತು" ಎಂಬ ಪದದಿಂದಲ್ಲ.

ವಿಷಯದ ಸಾಲಿನಲ್ಲಿ ರೋಗಿಯ ಹೆಸರು, ಒಪಿ ಸಂಖ್ಯೆ, ಈಗಿನ ದಿನಾಂಕ ಇರಲಿ. ಒಳಗೆ ಇಷ್ಟು ಸಾಕು:

"ನಮಸ್ಕಾರ. ಜುಲೈ 16ರ ಬೆಳಿಗ್ಗೆ 10.30ಕ್ಕೆ ನನ್ನ ಮರುತಪಾಸಣೆ ಇದೆ. ಆ ದಿನ ಬರಲಾಗದು. ಜುಲೈ 14ರ ನಂತರ ಸಿಗುವ ಮೊದಲ ಸಮಯ ಕೊಡಿ. ಮಾತ್ರೆ 24ರವರೆಗೆ ಮಾತ್ರ ಇದೆ. ಕಾಸರಗೋಡಿನಿಂದ ಬರುವುದರಿಂದ 11 ಗಂಟೆಯ ನಂತರವಾದರೆ ಅನುಕೂಲ. ಯಾರಾದರೂ ರದ್ದು ಮಾಡಿದರೆ ಹಿಂದಿನ ದಿನ ತಿಳಿಸಿದರೂ ಬರುತ್ತೇನೆ. ಹೊಸ ಸಮಯ ಖಚಿತವಾಗುವವರೆಗೆ 16ರದ್ದನ್ನು ರದ್ದು ಮಾಡಬೇಡಿ."

ಕೆಳಗೆ ಫೋನ್ ನಂಬರ್. ರೋಗದ ವಿವರ, ಹಳೆಯ ವರದಿ ಬೇಡ; ಆ ಅಂಚೆಪೆಟ್ಟಿಗೆಯನ್ನು ತೆರೆಯುವವರು ವೈದ್ಯರಲ್ಲ. ಮರುದಿನ ಮಧ್ಯಾಹ್ನದೊಳಗೆ ಉತ್ತರ ಬಾರದಿದ್ದರೆ ಫೋನ್ ಮಾಡಿ, ಇಮೇಲ್ ಕಳಿಸಿದ ಸಮಯ ಹೇಳಿ. ಆದರೆ ಎದೆಬಡಿತ ಜೋರಾಗಿದ್ದರೆ ಇಮೇಲನ್ನು ಕಾಯುತ್ತ ಕೂರದೆ ನೇರ ವೈದ್ಯರನ್ನು ಕಾಣಬೇಕು.