ಹೊಸ ಕೆಲಸದ ಮೊದಲ ದಿನಕ್ಕೆ ನಾನು ಬರೆದ ನಾಲ್ಕು ವಾಕ್ಯ

ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ, ಬಿಜೈಯ ಕಚೇರಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟರ್ ಆಗಿ ಸೇರಿದ ದಿನ, ಲಿಂಕ್ಡ್‌ಇನ್‌ನಲ್ಲಿ ಹಾಕಲೆಂದು ಮೊದಲು ಬರೆದದ್ದು “ಬದುಕಿನ ಹೊಸ ಅಧ್ಯಾಯ ಆರಂಭವಾಗಿದೆ, ಅತೀವ ಹರ್ಷವಾಗುತ್ತಿದೆ” ಎಂಬ ಸಾಲು. ಸಂಜೆ ಹಿಂದಿರುಗುವಾಗ ಬಸ್ಸಿನಲ್ಲಿ ಅದನ್ನು ಓದಿದರೆ, ಅದರಲ್ಲಿ ನಾನೂ ಇರಲಿಲ್ಲ, ನನ್ನ ಕೆಲಸವೂ ಇರಲಿಲ್ಲ. ಬ್ಯಾಂಕಿಗೆ ಸೇರಿದವರೂ ಶಾಲೆಗೆ ಸೇರಿದವರೂ ಅದನ್ನೇ ಹಾಕಬಹುದಿತ್ತು.

ಮೊಬೈಲಿನಲ್ಲಿ ಇಂಥ ಬರಹದ ಮೊದಲ ಕೆಲವು ಸಾಲುಗಳಷ್ಟೇ ಕಾಣುತ್ತವೆ, ಉಳಿದದ್ದು ಒತ್ತಿದ ಮೇಲೆ ತೆರೆದುಕೊಳ್ಳುತ್ತದೆ. ಹಾಗಾಗಿ ಯಾವ ಊರು, ಯಾವ ಕೆಲಸ ಎಂಬುದನ್ನು ಮೊದಲ ವಾಕ್ಯಕ್ಕೇ ತಂದೆ. ಎರಡನೆಯದನ್ನು ಹಿಂದಿನ ಕಚೇರಿಗೆ ಇಟ್ಟೆ, ಮತ್ತು ಹೆಚ್ಚು ಹೊತ್ತು ಹಿಡಿದದ್ದು ಅದೇ. ಅಲ್ಲಿ ಸಂಬಳದ ವಿಚಾರದಲ್ಲಿ ನನಗೆ ಬೇಸರವಿದ್ದುದರಿಂದ “ನನ್ನ ಶ್ರಮವನ್ನು ಗುರುತಿಸುವವರು ಕೊನೆಗೂ ಸಿಕ್ಕರು” ಎಂದು ಬರೆದಿದ್ದೆ. ಅದು ಹೊಗಳಿಕೆಯಂತೆ ಕಂಡರೂ ಹಳಬರ ಮೇಲಿನ ದೂರೇ ಆಗಿತ್ತು. ಹಳೆಯ ಸಹೋದ್ಯೋಗಿಗಳು ಅದನ್ನು ಹಾಗೆಯೇ ಓದುತ್ತಿದ್ದರು, ಹೊಸಬರಿಗೂ ನನ್ನ ಬಗ್ಗೆ ಅಳುಕು ಹುಟ್ಟುತ್ತಿತ್ತು. ಅದನ್ನು ಅಳಿಸಿ, ಅಲ್ಲಿ ನಿಜವಾಗಿಯೂ ಕಲಿತ ಒಂದು ಸಂಗತಿಯನ್ನು ಬರೆದೆ.

ವೈಯಕ್ತಿಕ ಮಾತು ಒಂದೇ ಸಾಕು, ಅದೂ ಆ ದಿನ ಆ ಕಚೇರಿಯಲ್ಲಿ ನಡೆದದ್ದಾಗಿರಬೇಕು ಎಂಬುದು ನನ್ನ ಅಭಿಪ್ರಾಯ. ಸಂದರ್ಶನದ ಸುತ್ತುಗಳು, ಸಂಬಳ, ಗ್ರಾಹಕ ಕಂಪನಿಯ ಹೆಸರು ಇವನ್ನೆಲ್ಲ ಬಿಟ್ಟೆ. ಗ್ರಾಹಕರ ಹೆಸರನ್ನು ಹೇಳುವ ಹಕ್ಕು ನನಗೆ ಇರಲೂ ಇಲ್ಲ. ಕೊನೆಗೆ ಉಳಿದದ್ದು ಇಷ್ಟು:

“ಇಂದು ಮಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್ ಆಗಿ ಕೆಲಸಕ್ಕೆ ಸೇರಿದೆ. ಕಂಡ ದೋಷವನ್ನು ಇನ್ನೊಬ್ಬರೂ ಕಾಣುವಂತೆ ಹಂತಹಂತವಾಗಿ ಬರೆಯುವುದನ್ನು ಕಲಿಸಿದ ಹಿಂದಿನ ತಂಡಕ್ಕೆ ಕೃತಜ್ಞಳಾಗಿದ್ದೇನೆ. ಮಧ್ಯಾಹ್ನ, ಇನ್ನೂ ಹೆಸರು ತಿಳಿಯದ ಸಹೋದ್ಯೋಗಿಯೊಬ್ಬರು ತುಳುವಿನಲ್ಲಿ ‘ಒಣಸ್ ಆಂಡಾ?’ ಎಂದು ಕೇಳಿ ಜೊತೆಗೆ ಊಟಕ್ಕೆ ಕರೆದೊಯ್ದರು. ನಾಳೆ ಅವರ ಹೆಸರು ಕೇಳಬೇಕು.”

ಬರಹದ ಜೊತೆ ಹಾಕಲೆಂದು ಕಚೇರಿಯಲ್ಲಿ ತೆಗೆಸಿಕೊಂಡಿದ್ದ ನನ್ನ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ, ಕೊರಳಿನ ಗುರುತಿನ ಚೀಟಿಯಲ್ಲಿದ್ದ ನೌಕರ ಸಂಖ್ಯೆಯೂ ಹಿಂದಿನ ಮೇಜಿನ ಪರದೆಯಲ್ಲಿ ತೆರೆದಿದ್ದ ಇಮೇಲೂ ಸ್ಪಷ್ಟವಾಗಿ ಓದಲು ಬರುತ್ತಿದ್ದವು. ಅದನ್ನು ಕೈಬಿಟ್ಟು, ಮರುದಿನ ಬೆಳಿಗ್ಗೆ ಚೀಟಿ ತೆಗೆದಿಟ್ಟು ಕಿಟಕಿಯ ಬಳಿ ಬೇರೆ ಚಿತ್ರ ತೆಗೆಸಿಕೊಂಡೆ. ಬರಹವನ್ನೂ ಚಿತ್ರವನ್ನೂ ಎಚ್‌ಆರ್ ವಿಭಾಗದ ಮೇಡಂಗೆ ತೋರಿಸಿ ಒಪ್ಪಿಗೆ ಪಡೆದು, “ಇಂದು” ಎಂಬುದನ್ನು “ನಿನ್ನೆ” ಎಂದೂ “ನಾಳೆ” ಎಂಬುದನ್ನು “ಇಂದು” ಎಂದೂ ತಿದ್ದಿದೆ. ಪ್ರೊಫೈಲಿನಲ್ಲಿ ಹುದ್ದೆ ಬದಲಿಸುವಾಗ Notify network ಎಂಬುದನ್ನು ಆಫ್ ಮಾಡಿಯೇ ಇಟ್ಟೆ. ಪರಿಚಿತರಿಗೆ ಯಂತ್ರ ಕಳಿಸುವ ಸಿದ್ಧ ಸೂಚನೆಗಿಂತ ಮೊದಲು ನಾನು ಬರೆದ ಮಾತೇ ತಲುಪಬೇಕೆಂಬ ಆಸೆ ನನ್ನದಾಗಿತ್ತು.